ಗೈರುಹಾಜರಿ ಅನುತ್ತೀರ್ಣತೆಯಲ್ಲ

ಪುಣೆಯ ಕಾಲೇಜೊಂದರಲ್ಲಿ ಬಿ.ಎಸ್ಸಿ. ಅಂತಿಮ ವರ್ಷದಲ್ಲಿ ಓದುತ್ತಿರುವ ವಿವಾಹಿತ ವಿದ್ಯಾರ್ಥಿನಿಯೊಬ್ಬಳು ಮಾರ್ಚ್ 3ರಂದು ಪ್ರಾಂಶುಪಾಲರಿಗೆ ಒಂದು ಪತ್ರ ಕೊಟ್ಟಳು. ಪತ್ರದ ಸಾರ ಇಷ್ಟು: ಆಕೆ ಗರ್ಭಿಣಿ; ವೈದ್ಯರು ಮೇ 12ನ್ನು ಹೆರಿಗೆಯ ದಿನವೆಂದು ಹೇಳಿದ್ದಾರೆ; ಅಂತಿಮ ಸೆಮಿಸ್ಟರಿನ ಲಿಖಿತ ಪರೀಕ್ಷೆಗಳು ಮೇ 5ರಿಂದ 19ರವರೆಗೆ ನಡೆಯಲಿವೆ; ಆದುದರಿಂದ ದಯವಿಟ್ಟು ತನ್ನ ಪರೀಕ್ಷೆಯನ್ನು ಸ್ವಲ್ಪ ಮುಂದೂಡಿ ಉಪಕಾರ ಮಾಡಬೇಕು. ವಾರದ ನಂತರ ಎರಡು ಸಾಲಿನ ಉತ್ತರ ಬಂದಿತು. ಪರೀಕ್ಷೆಯ ವೇಳಾಪಟ್ಟಿ ವಿಶ್ವವಿದ್ಯಾಲಯದ್ದು, ಅದನ್ನು ಬದಲಿಸುವ ಅಧಿಕಾರ ಕಾಲೇಜಿಗಿಲ್ಲ ಎಂಬುದೇ ಆ ಉತ್ತರ.

ಉತ್ತರದಲ್ಲಿ ಸುಳ್ಳೇನೂ ಇಲ್ಲ. ಸಾವಿರಾರು ವಿದ್ಯಾರ್ಥಿಗಳು ಒಂದೇ ದಿನ, ಒಂದೇ ಗಂಟೆಗೆ, ಒಂದೇ ಪ್ರಶ್ನೆಪತ್ರಿಕೆ ಬರೆಯುವ ಪರೀಕ್ಷೆಯನ್ನು ಒಬ್ಬಳಿಗಾಗಿ ಸರಿಸಲು ಯಾವ ಪ್ರಾಂಶುಪಾಲರಿಗೂ ಸಾಧ್ಯವಿಲ್ಲ. ಆದರೆ ಆ ಎರಡು ಸಾಲುಗಳು ಆಕೆಯ ನಿಜವಾದ ಪ್ರಶ್ನೆಯನ್ನು ಮುಟ್ಟಲೇ ಇಲ್ಲ. ಆಕೆಯ ಪತ್ರವೂ ಅದನ್ನು ಕೇಳಿರಲಿಲ್ಲ. ಪರೀಕ್ಷೆ ಯಾವ ದಿನ ನಡೆಯುತ್ತದೆ ಎಂಬುದಕ್ಕಿಂತ, ಆ ದಿನ ಹೆರಿಗೆಯ ಕಾರಣಕ್ಕೆ ಬಾರದವಳನ್ನು ದಾಖಲೆ ಏನೆಂದು ಕರೆಯುತ್ತದೆ ಎಂಬುದೇ ದೊಡ್ಡ ಪ್ರಶ್ನೆ. ಪರೀಕ್ಷೆ ಬರೆದು ತೇರ್ಗಡೆಯಾಗದವಳು, ಓದದೆ ಮನೆಯಲ್ಲಿ ಉಳಿದವಳು, ಹೆರಿಗೆ ಕೋಣೆಯಲ್ಲಿದ್ದವಳು ಈ ಮೂವರನ್ನೂ ಇಂದಿನ ಅಂಕಪಟ್ಟಿ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಅನ್ಯಾಯ ಇರುವುದು ಅಲ್ಲಿ.

ಮೊದಲು ದಿನದ ವಿಚಾರವನ್ನೇ ನೋಡಬಹುದು. ವೈದ್ಯರು ಬರೆದುಕೊಡುವ ಹೆರಿಗೆಯ ದಿನವೆಂಬುದು ಒಂದು ಅಂದಾಜು. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ, ಅಂದರೆ 40 ವಾರ ಎಣಿಸಿ, ಸ್ಕ್ಯಾನಿಂಗ್ ವರದಿಯೊಂದಿಗೆ ತಾಳೆ ನೋಡಿ ಅದನ್ನು ಹೇಳುತ್ತಾರೆ. ಸರಿಯಾಗಿ ಆ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೋ ಐದೋ ಮಾತ್ರ. 37 ವಾರ ತುಂಬಿದ ಮೇಲೆ ಯಾವ ದಿನ ಬೇಕಾದರೂ ಹೆರಿಗೆಯಾಗಬಹುದು. 42 ವಾರದವರೆಗೂ ಕಾಯಬೇಕಾಗಲೂಬಹುದು. ಈ ವಿದ್ಯಾರ್ಥಿನಿಯ ಲೆಕ್ಕದಲ್ಲಿ 37 ವಾರ ತುಂಬುವುದು ಏಪ್ರಿಲ್ 21ಕ್ಕೆ, 42 ವಾರ ತುಂಬುವುದು ಮೇ 26ಕ್ಕೆ. ಲಿಖಿತ ಪರೀಕ್ಷೆಯ ಐದೂ ಪತ್ರಿಕೆಗಳು ಈ ಎರಡು ದಿನಗಳ ನಡುವೆಯೇ ಬಿದ್ದಿವೆ.

ಹೆರಿಗೆಯ ನಂತರದ ಚೇತರಿಕೆಯನ್ನೂ ಇದಕ್ಕೆ ಸೇರಿಸಬೇಕು. ಸಹಜ ಹೆರಿಗೆಯಾದರೂ ಶಸ್ತ್ರಚಿಕಿತ್ಸೆಯಾದರೂ ವೈದ್ಯರು ಸಾಮಾನ್ಯವಾಗಿ ಆರು ವಾರಗಳ ಅವಧಿಯನ್ನು ಹೇಳುತ್ತಾರೆ. ಮೇ 12ಕ್ಕೇ ಹೆರಿಗೆಯಾದರೆ ಆ ಅವಧಿ ಜೂನ್ 23ಕ್ಕೆ ಮುಗಿಯುತ್ತದೆ. ತಡವಾಗಿ ಮೇ 26ಕ್ಕಾದರೆ ಜುಲೈ 7ಕ್ಕೆ. ಎರಡು ಗಂಟೆಗೊಮ್ಮೆ ಹಾಲುಣಿಸಬೇಕಾದ ಎಳೆಗೂಸನ್ನು ಬಿಟ್ಟು ಮೂರು ಗಂಟೆ ಪರೀಕ್ಷಾ ಕೊಠಡಿಯಲ್ಲಿ ಕೂರುವುದು ಈ ಅವಧಿಯಲ್ಲಿ ಎಷ್ಟು ಕಷ್ಟವೆಂಬುದನ್ನು ಮನೆಯ ಹಿರಿಯ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಹೀಗಿರುವಾಗ ಪರೀಕ್ಷೆಯನ್ನು ಸ್ವಲ್ಪ ಮುಂದೂಡಿ ಎಂಬ ಕೋರಿಕೆ ಕಾಲೇಜು ಒಪ್ಪಿದರೂ ನಿರುಪಯುಕ್ತ. ಒಂದು ವಾರ ಸರಿಸಿದರೆ ಹಸಿ ಬಾಣಂತಿಯಾಗಿ ಬರೆಯಬೇಕಾದೀತು. ಆಕೆಗೆ ಬೇಕಾದುದು ಏಪ್ರಿಲ್ 21ರ ಮೊದಲು ಮುಗಿಯುವ ವ್ಯವಸ್ಥೆ ಅಥವಾ ಜುಲೈ ಎರಡನೆಯ ವಾರದ ನಂತರ ಆರಂಭವಾಗುವ ವ್ಯವಸ್ಥೆ. ಮಾರ್ಚ್ 3ರಂದು ಆಕೆಗೆ 30 ವಾರ ತುಂಬಿತ್ತು. ಅಂದರೆ ಮೊದಲ ದಾರಿಗೆ ಏಳು ವಾರಗಳ ಕಾಲಾವಕಾಶ ಇನ್ನೂ ಉಳಿದಿತ್ತು.

ಆ ಏಳು ವಾರಗಳಲ್ಲಿ ಏನು ಮಾಡಬಹುದಿತ್ತು ಎಂಬುದಕ್ಕೆ ಪರೀಕ್ಷೆ ಎಂಬ ಒಂದು ಮಾತಿನೊಳಗೆ ಏನೇನಿದೆ ಎಂದು ಬಿಡಿಸಿ ನೋಡಬೇಕು. ಅಂತಿಮ ಸೆಮಿಸ್ಟರಿನಲ್ಲಿ ಆಂತರಿಕ ಮೌಲ್ಯಮಾಪನವಿದೆ, ಪ್ರಾಯೋಗಿಕ ಪರೀಕ್ಷೆ ಇದೆ, ಪ್ರಾಜೆಕ್ಟ್ ವರದಿ ಮತ್ತು ಮೌಖಿಕ ಪರೀಕ್ಷೆ ಇದೆ, ಕೊನೆಗೆ ವಿಶ್ವವಿದ್ಯಾಲಯದ ಲಿಖಿತ ಪರೀಕ್ಷೆ ಇದೆ. ಇವುಗಳಲ್ಲಿ ಕಾಲೇಜಿನ ಕೈ ಮೀರಿದ್ದು ಕೊನೆಯದು ಮಾತ್ರ. ಆಂತರಿಕ ಪರೀಕ್ಷೆಯ ದಿನವನ್ನು ಗೊತ್ತುಮಾಡುವವರು ವಿಭಾಗದ ಅಧ್ಯಾಪಕರೇ. ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕರು ಬರುವುದಿದ್ದರೂ ವಿದ್ಯಾರ್ಥಿಗಳನ್ನು ತಂಡ ತಂಡವಾಗಿ ವಿಂಗಡಿಸಿ ಕರೆಯುವ ಪದ್ಧತಿ ಎಲ್ಲೆಡೆ ಇದೆ. ಒಬ್ಬ ವಿದ್ಯಾರ್ಥಿನಿಯನ್ನು ಕೊನೆಯ ತಂಡದಿಂದ ಮೊದಲ ತಂಡಕ್ಕೆ ಸೇರಿಸಲು ಬೇಕಾದುದು ವಿಭಾಗ ಮುಖ್ಯಸ್ಥರ ಒಂದು ಸಹಿ. ಈ ವಿದ್ಯಾರ್ಥಿನಿಯ ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ ಏಪ್ರಿಲ್ 20ರಿಂದ 24ರವರೆಗೆ ನಿಗದಿಯಾಗಿತ್ತು. 37 ವಾರ ತುಂಬುವ ದಿನಗಳಲ್ಲಿ, ಆಮ್ಲದ ಹೊಗೆಯ ನಡುವೆ, ನಾಲ್ಕೈದು ಗಂಟೆ ನಿಂತು ಮಾಡುವ ಕೆಲಸ ಅದು. ಅದನ್ನು ಏಪ್ರಿಲ್ ಮೊದಲ ವಾರಕ್ಕೆ ತರುವ ಅಧಿಕಾರ ಕಾಲೇಜಿಗಿತ್ತು. ಅಧಿಕಾರವಿಲ್ಲ ಎಂದು ಬರೆದವರು ತಮಗಿದ್ದ ಅಧಿಕಾರವನ್ನು ಗಮನಿಸಲೇ ಇಲ್ಲ.

ಇದು ಸಣ್ಣ ಮಾತಲ್ಲ. ಲಿಖಿತ ಪತ್ರಿಕೆಗಳನ್ನು ಮುಂದಿನ ಸರದಿಯಲ್ಲಿ ಬರೆದು ಮುಗಿಸಬಹುದು. ಪ್ರಾಯೋಗಿಕ ಪರೀಕ್ಷೆ ತಪ್ಪಿದರೆ ಮುಂದಿನ ಬಾರಿ ಆ ಪ್ರಯೋಗಗಳು ಆ ಸೆಮಿಸ್ಟರಿನಲ್ಲಿ ಇರದೆ ಹೋಗಬಹುದು. ಕೈಕೂಸಿನ ತಾಯಿ ಇಡೀ ವರ್ಷ ಕಾಯಬೇಕಾಗಬಹುದು. ಆದ್ದರಿಂದ ಇಂಥ ಸಂದರ್ಭದಲ್ಲಿ ಮೊದಲು ಕಾಪಾಡಿಕೊಳ್ಳಬೇಕಾದುದು ಪ್ರಾಯೋಗಿಕ ಮತ್ತು ಆಂತರಿಕ ಅಂಕಗಳನ್ನು. ಕಾಲೇಜು ಸ್ವಾಯತ್ತವಾಗಿದ್ದರಂತೂ ಲಿಖಿತ ಪರೀಕ್ಷೆಯನ್ನು ನಡೆಸುವುದೂ ಕಾಲೇಜೇ ಆಗಿರುತ್ತದೆ. ಆಗ ವಿಶ್ವವಿದ್ಯಾಲಯದತ್ತ ಬೆರಳು ತೋರಿಸುವ ಅವಕಾಶವೂ ಉಳಿಯುವುದಿಲ್ಲ.

ಇನ್ನು ಲಿಖಿತ ಪರೀಕ್ಷೆ. ಇಲ್ಲಿ ಅನೇಕ ವಿದ್ಯಾರ್ಥಿನಿಯರು, ಅನೇಕ ಮನೆಗಳು ಮಾಡುವ ಒಂದು ತಪ್ಪಿದೆ. ಹೇಗೂ ಬರೆಯಲಾಗುವುದಿಲ್ಲವೆಂದು ಪರೀಕ್ಷಾ ಅರ್ಜಿಯನ್ನೇ ತುಂಬದೆ ಬಿಡುತ್ತಾರೆ. ಶುಲ್ಕ ಉಳಿಯಿತೆಂಬ ಸಮಾಧಾನವೂ ಇರುತ್ತದೆ. ಆದರೆ ಅರ್ಜಿ ತುಂಬದವಳು ವಿಶ್ವವಿದ್ಯಾಲಯದ ಕಡತದಲ್ಲಿ ಆ ಪರೀಕ್ಷೆಯ ಅಭ್ಯರ್ಥಿಯೇ ಅಲ್ಲ. ಅಭ್ಯರ್ಥಿಯಲ್ಲದವಳು ವಿಶೇಷ ಪರೀಕ್ಷೆ ಕೇಳುವುದು ಯಾವ ಆಧಾರದ ಮೇಲೆ? ಅರ್ಜಿ ತುಂಬಿ, ಹಾಲ್ ಟಿಕೆಟ್ ಪಡೆದು, ಪರೀಕ್ಷೆ ಆರಂಭವಾಗುವ ಮೊದಲೇ ಲಿಖಿತವಾಗಿ ತಿಳಿಸಿ ಗೈರಾದವಳ ಕೋರಿಕೆಗೆ ನೆಲೆ ಇರುತ್ತದೆ. ಪರೀಕ್ಷೆ ಮುಗಿದ ಮೇಲೆ ಬರುವ ಪತ್ರವನ್ನು ಕಚೇರಿ ನೆಪವೆಂದು ಓದುತ್ತದೆ. ಮೊದಲೇ ಬಂದ ಪತ್ರವನ್ನು ಹಾಗೆ ಓದಲಾಗದು.

ಹಾಗಾದರೆ ಕೇಳಬೇಕಾದುದು ಏನು? ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗವನ್ನು ಕೇಳಬೇಕಾದುದು ಮುಖ್ಯವಾಗಿ ಎರಡು. ಲಿಖಿತ ಪತ್ರಿಕೆಗಳಿಗೆ ಜುಲೈ ಎರಡನೆಯ ವಾರದ ನಂತರ ವಿಶೇಷ ಪರೀಕ್ಷೆ ನಡೆಸಬೇಕು, ಅಥವಾ ಪೂರಕ ಪರೀಕ್ಷೆ ಇದ್ದರೆ ಅದರಲ್ಲಿ ಬರೆಯಲು ಬಿಡಬೇಕು ಎಂಬುದು ಒಂದು. ಆಗ ಬರೆಯುವ ಪರೀಕ್ಷೆಯನ್ನು ಮೊದಲ ಪ್ರಯತ್ನವೆಂದೇ ಎಣಿಸಬೇಕು ಎಂಬುದು ಇನ್ನೊಂದು. ಮೇಲುನೋಟಕ್ಕೆ ಎರಡನೆಯದು ಅಕ್ಷರಗಳ ಜಗಳದಂತೆ ಕಾಣಬಹುದು. ಆದರೆ ಮಹಾರಾಷ್ಟ್ರದ ವಿದ್ಯಾರ್ಥಿಗಳಿಗೆ ಎ.ಟಿ.ಕೆ.ಟಿ. ಎಂಬ ನಾಲ್ಕಕ್ಷರಗಳ ಭಾರ ಗೊತ್ತು. ರ್‍ಯಾಂಕ್ ಮತ್ತು ಪದಕಗಳು ಸಾಮಾನ್ಯವಾಗಿ ಎಲ್ಲ ಪತ್ರಿಕೆಗಳನ್ನೂ ಮೊದಲ ಪ್ರಯತ್ನದಲ್ಲೇ ಮುಗಿಸಿದವರಿಗೆ ಮೀಸಲು. ಬಾಕಿ ವಿಷಯಗಳಿದ್ದವರನ್ನು ಕ್ಯಾಂಪಸ್ ಸಂದರ್ಶನಕ್ಕೆ ಕರೆಯದ ಕಂಪನಿಗಳೂ ಇವೆ. ಐದು ಸೆಮಿಸ್ಟರ್ ಒಂದನ್ನೂ ಬಾಕಿ ಇಡದೆ ಓದಿದವಳ ಹೆಸರಿನ ಮುಂದೆ, ಆಕೆ ತಾಯಿಯಾದ ತಿಂಗಳಿನಲ್ಲಿ, ಐದು ವಿಷಯಗಳ ಬಾಕಿ ಎಂದು ಮುದ್ರೆ ಬೀಳುವುದು ಆಕೆಯ ಓದಿನ ಬಗ್ಗೆ ಸುಳ್ಳು ಹೇಳಿದಂತೆ.

ಇದಕ್ಕೆ ನಿಯಮವಿಲ್ಲ ಎಂಬುದೇ ಕಚೇರಿಗಳ ಸಿದ್ಧ ಉತ್ತರ. ನಿಯಮವಿಲ್ಲದಿರುವುದು ಹಲವೆಡೆ ನಿಜ. ನಿಯಮ ಮಾಡಬೇಕೆಂದು ಯಾರೂ ಹೇಳಿಲ್ಲ ಎಂಬುದು ಸುಳ್ಳು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಡಿಸೆಂಬರ್ 2021ರಲ್ಲಿ ಎಲ್ಲ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದು, ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೆ ಹೆರಿಗೆ ರಜೆ, ಹಾಜರಾತಿಯಲ್ಲಿ ಸಡಿಲಿಕೆ, ಪರೀಕ್ಷಾ ಅರ್ಜಿ ಸಲ್ಲಿಕೆಗೆ ಹೆಚ್ಚಿನ ಸಮಯ ಹಾಗೂ ಅಗತ್ಯವೆನಿಸುವ ಇತರ ಸೌಲಭ್ಯಗಳಿಗಾಗಿ ಸೂಕ್ತ ನಿಯಮಗಳನ್ನು ರೂಪಿಸುವಂತೆ ಕೇಳಿತು. ಪಿಎಚ್.ಡಿ. ಸಂಶೋಧಕಿಯರಿಗೆ ಆಯೋಗದ 2016ರ ನಿಯಮಾವಳಿಯೇ 240 ದಿನಗಳವರೆಗಿನ ಹೆರಿಗೆ ರಜೆಗೆ ಅವಕಾಶ ಕೊಟ್ಟಿತ್ತು. ಪದವಿ ವಿದ್ಯಾರ್ಥಿನಿಯ ವಿಷಯದಲ್ಲಿ ಮಾತ್ರ ಅಂಥ ಸಂಖ್ಯೆ ಇಲ್ಲ. ನಿಯಮ ರೂಪಿಸಿ ಎಂಬ ಸೂಚನೆ ಇದೆ. ಉದ್ಯೋಗಸ್ಥೆಗೆ 26 ವಾರಗಳ ಹೆರಿಗೆ ರಜೆ ಕೊಡುವ ಕಾನೂನೂ ಆಕೆಗೆ ಅನ್ವಯಿಸುವುದಿಲ್ಲ, ಏಕೆಂದರೆ ಆಕೆ ನೌಕರಳಲ್ಲ. ಹೀಗೆ ಎರಡು ಕಾನೂನುಗಳ ನಡುವಿನ ಬಿರುಕಿನಲ್ಲಿ ಆಕೆ ನಿಂತಿದ್ದಾಳೆ.

ನ್ಯಾಯಾಲಯಗಳ ಮೊರೆ ಹೋದವರಿಗೆ ಒಂದೇ ಬಗೆಯ ಉತ್ತರ ಸಿಕ್ಕಿಲ್ಲ. 2018ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿನಿಯೊಬ್ಬಳು ಗರ್ಭಾವಸ್ಥೆಯ ಕಾರಣದಿಂದ ಹಾಜರಾತಿ ಕಡಿಮೆಯಾಗಿದ್ದಾಗ ನಾಲ್ಕನೆಯ ಸೆಮಿಸ್ಟರಿನ ಪರೀಕ್ಷೆ ಬರೆಯಲು ಅನುಮತಿ ಕೇಳಿದಳು. ವೃತ್ತಿಪರ ಶಿಕ್ಷಣಕ್ಕೆ ಹಾಜರಾತಿ ಕಡ್ಡಾಯವೆಂಬ ಕಾರಣ ನೀಡಿ ದೆಹಲಿ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ಐದು ವರ್ಷಗಳ ನಂತರ, 2023ರಲ್ಲಿ, ಮೀರತ್‌ನ ವಿಶ್ವವಿದ್ಯಾಲಯದ ಎಂ.ಎಡ್. ವಿದ್ಯಾರ್ಥಿನಿಯ ಪ್ರಕರಣದಲ್ಲಿ ಅದೇ ಹೈಕೋರ್ಟ್ ಬೇರೆ ದಾರಿ ಹಿಡಿಯಿತು. ಹೆರಿಗೆ ರಜೆಯನ್ನು ನಿರಾಕರಿಸಿದ ಆದೇಶವನ್ನು ರದ್ದುಪಡಿಸಿ, ರಜೆಯ ದಿನಗಳನ್ನು ಪರಿಗಣಿಸಿದ ಮೇಲೆ ಹಾಜರಾತಿ ಸಾಲುವುದಾದರೆ ಪರೀಕ್ಷೆಗೆ ಕೂರಿಸಬೇಕೆಂದಿತು. ಓದುವ ಹಕ್ಕು ಮತ್ತು ತಾಯಿಯಾಗುವ ಹಕ್ಕುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುವಂತೆ ಹೆಣ್ಣನ್ನು ಬಲವಂತಪಡಿಸಲಾಗದು ಎಂಬುದು ಆ ತೀರ್ಪಿನ ಧೋರಣೆ.

ಪುಣೆಯ ಪತ್ರಕ್ಕೆ ಇವೆರಡಕ್ಕಿಂತ ಹತ್ತಿರದ ಪ್ರಕರಣ ಅಲಹಾಬಾದ್ ಹೈಕೋರ್ಟಿನದು. ಅಲ್ಲಿನ ವಿವಾದ ಹಾಜರಾತಿಯದಲ್ಲ, ಪರೀಕ್ಷೆಯದೇ. ಉತ್ತರ ಪ್ರದೇಶದ ತಾಂತ್ರಿಕ ವಿಶ್ವವಿದ್ಯಾಲಯದ ಬಿ.ಟೆಕ್. ವಿದ್ಯಾರ್ಥಿನಿಯೊಬ್ಬಳು ಗರ್ಭಾವಸ್ಥೆ ಮತ್ತು ಹೆರಿಗೆಯ ನಂತರದ ಚೇತರಿಕೆಯ ಕಾರಣದಿಂದ ಕೆಲವು ಪತ್ರಿಕೆಗಳನ್ನು ಬರೆಯಲಾಗದೆ ಉಳಿದಿದ್ದಳು. ಮತ್ತೊಂದು ಅವಕಾಶಕ್ಕೆ ನಿಯಮವಿಲ್ಲವೆಂದು ವಿಶ್ವವಿದ್ಯಾಲಯ ಹೇಳಿತು. 2021ರಲ್ಲಿ ನ್ಯಾಯಾಲಯವು ಆಕೆಗೆ ಪರೀಕ್ಷೆ ಬರೆಯಲು ಹೆಚ್ಚುವರಿ ಅವಕಾಶ ಕೊಡಬೇಕೆಂದಿತಲ್ಲದೆ, ವಿದ್ಯಾರ್ಥಿನಿಯರಿಗೆ ಹೆರಿಗೆ ಸೌಲಭ್ಯದ ನಿಯಮಗಳನ್ನೇ ರೂಪಿಸಬೇಕೆಂದು ಆದೇಶಿಸಿತು. ನಿಯಮವಿಲ್ಲ ಎಂಬುದು ವಿಶ್ವವಿದ್ಯಾಲಯದ ಲೋಪವೇ ಹೊರತು ವಿದ್ಯಾರ್ಥಿನಿಯ ಅನರ್ಹತೆಯಲ್ಲ ಎಂಬುದೇ ಇದರಿಂದ ಹೊರಡುವ ಅರ್ಥ.

ನಿಯಮ ಮಾಡುವುದು ಅಸಾಧ್ಯವೂ ಅಲ್ಲ. ಕೇರಳದ ಮಹಾತ್ಮ ಗಾಂಧಿ ವಿಶ್ವವಿದ್ಯಾಲಯ ಡಿಸೆಂಬರ್ 2022ರಲ್ಲಿ ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೆ 60 ದಿನಗಳ ಹೆರಿಗೆ ರಜೆ ನೀಡಲು ನಿರ್ಧರಿಸಿತು. ಮರುತಿಂಗಳು ಕೇರಳ ಸರ್ಕಾರ ತನ್ನ ವ್ಯಾಪ್ತಿಯ ವಿಶ್ವವಿದ್ಯಾಲಯಗಳಿಗೆ ಅದನ್ನು ವಿಸ್ತರಿಸಿತು. ಅರವತ್ತು ದಿನ ಸಾಲದೆಂದು ವಾದಿಸಬಹುದು. ಆದರೂ ಸಂಖ್ಯೆಯೊಂದು ನಿಯಮದಲ್ಲಿ ಬಂದ ಮೇಲೆ ವಿದ್ಯಾರ್ಥಿನಿ ಯಾರ ದಯೆಗೂ ಕಾಯಬೇಕಾಗಿಲ್ಲ. ಅರ್ಜಿಯಲ್ಲಿ ಉಪಕಾರ ಎಂಬ ಪದವೂ ಬೇಕಾಗಿಲ್ಲ.

ನಿಯಮಕ್ಕೆ ಎದುರಾಗಿ ಕೇಳಿಬರುವ ಒಂದು ಆಕ್ಷೇಪಣೆಗೆ ಉತ್ತರಿಸಬೇಕು. ಒಬ್ಬರಿಗೆ ವಿನಾಯಿತಿ ಕೊಟ್ಟರೆ ನಾಳೆ ಜ್ವರ ಬಂದವರು, ಮದುವೆಗೆ ಹೋದವರು ಎಲ್ಲರೂ ಕೇಳುತ್ತಾರೆ ಎಂಬುದು ಆ ಆಕ್ಷೇಪಣೆ. ಆದರೆ ತಿಂಗಳುಗಳ ಮೊದಲೇ ಗೊತ್ತಾಗುವ, ವೈದ್ಯರ ದಾಖಲೆಯಿರುವ, ಯಾರೂ ನಟಿಸಲಾಗದ, ಕೊನೆಗೆ ಜನನ ಪ್ರಮಾಣಪತ್ರವೇ ಸಾಕ್ಷಿ ಹೇಳುವ ಕಾರಣ ಇದೊಂದೇ. ಇಲ್ಲಿ ಬೇಡುತ್ತಿರುವುದು ಅಂಕಗಳ ರಿಯಾಯಿತಿಯಲ್ಲ. ಪ್ರಶ್ನೆಪತ್ರಿಕೆ ಸುಲಭವಾಗಬೇಕಿಲ್ಲ, ಉತ್ತೀರ್ಣತೆಯ ಗೆರೆ ಇಳಿಯಬೇಕಿಲ್ಲ. ಅದೇ ಪರೀಕ್ಷೆಯನ್ನು ಬೇರೆ ದಿನ ಬರೆಯಬೇಕು, ಅಷ್ಟೆ.

ಕಾಲೇಜಿನ ತಪ್ಪನ್ನು ಹೇಳಿ ಮನೆಯ ತಪ್ಪನ್ನು ಬಿಡುವುದು ನ್ಯಾಯವಲ್ಲ. ಮುಂಬಯಿ, ಪುಣೆ, ಹೈದರಾಬಾದ್‌ಗಳಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳಲ್ಲಿ ಪದವಿಯ ಕೊನೆಯ ವರ್ಷದಲ್ಲೇ ಮದುವೆ ಮುಗಿಸುವುದು ಇಂದಿಗೂ ಅಪರೂಪವಲ್ಲ. ಓದನ್ನು ಮದುವೆಯ ನಂತರವೂ ಮುಂದುವರಿಸಬಹುದು ಎಂದು ನಿಶ್ಚಿತಾರ್ಥದ ದಿನ ಎರಡೂ ಮನೆಯವರು ಒಪ್ಪುತ್ತಾರೆ. ಚೊಚ್ಚಲ ಹೆರಿಗೆ ತವರಿನಲ್ಲೇ ಎಂಬ ಪದ್ಧತಿಯಿಂದ ಏಳನೆಯ ಅಥವಾ ಒಂಬತ್ತನೆಯ ತಿಂಗಳಿನಲ್ಲಿ ಮಗಳನ್ನು ಬೆಳಗಾವಿ, ಧಾರವಾಡ ಅಥವಾ ದಕ್ಷಿಣ ಕನ್ನಡದ ತವರಿಗೆ ಕರೆದೊಯ್ಯುತ್ತಾರೆ. ಮುಹೂರ್ತ ನೋಡುತ್ತಾರೆ; ಪರೀಕ್ಷೆಯ ವೇಳಾಪಟ್ಟಿಯನ್ನು ನೋಡುವುದಿಲ್ಲ. ಈ ವಿದ್ಯಾರ್ಥಿನಿಯ ತವರು ಚಿಕ್ಕೋಡಿಯ ಬಳಿಯ ಹಳ್ಳಿ. ಸೀಮಂತ ಮುಗಿಸಿ ಏಪ್ರಿಲ್ 2ರಂದೇ ಕರೆದೊಯ್ಯಬೇಕೆಂದು ಹಿರಿಯರು ನಿಶ್ಚಯಿಸಿದ್ದರು. ಕಾಲೇಜು ಪ್ರಾಯೋಗಿಕ ಪರೀಕ್ಷೆಯನ್ನು ಏಪ್ರಿಲ್ ಮೊದಲ ವಾರಕ್ಕೆ ತಂದುಕೊಟ್ಟಿದ್ದರೂ ಅದನ್ನು ಬರೆಯಲು ಆಕೆ ಪುಣೆಯಲ್ಲಿ ಇರುತ್ತಿರಲಿಲ್ಲ. ಪದವಿಯನ್ನು ಮುಂದೆ ಯಾವಾಗಲಾದರೂ ಮುಗಿಸಬಹುದು ಎಂಬ ಮಾತು ಪ್ರೀತಿಯಿಂದಲೇ ಬಂದಿರಬಹುದು. ಹಾಗೆ ಮುಂದೆ ಎಂದು ಬಿಟ್ಟ ಪದವಿಗಳು ಎಷ್ಟು ಮನೆಗಳ ಪೆಟ್ಟಿಗೆಯಲ್ಲಿ ಐದು ಸೆಮಿಸ್ಟರಿನ ಅಂಕಪಟ್ಟಿಗಳಾಗಿಯೇ ಉಳಿದಿವೆ ಎಂಬುದನ್ನು ಪ್ರತಿ ಕುಟುಂಬವೂ ತನ್ನ ಬಳಗದಲ್ಲೇ ಎಣಿಸಿ ನೋಡಬಹುದು.

ಸಂತೋಷದ ಸಂಗತಿಯೆಂದರೆ, ಈ ಮನೆಯ ಅತ್ತೆ ಆ ಲೆಕ್ಕವನ್ನು ಹಾಕಿದರು. ಪ್ರಯಾಣವನ್ನು ಒಂದು ವಾರ ಹಿಂದಕ್ಕೆ ಹಾಕಿಸಿ, ಸೊಸೆಯಿಂದ ಎರಡನೆಯ ಪತ್ರವನ್ನು ಬರೆಸಿದರು. ಆ ಪತ್ರದಲ್ಲಿ ಬೇಡಿಕೊಳ್ಳುವ ಮಾತುಗಳಿರಲಿಲ್ಲ. ಹೆಸರು, ನೋಂದಣಿ ಸಂಖ್ಯೆ, ಹೆರಿಗೆಯ ಅಂದಾಜು ದಿನ, ಆ ದಿನಕ್ಕೆ ತುಂಬಿದ್ದ ವಾರಗಳ ಸಂಖ್ಯೆ ಮೊದಲಿಗೆ ಬಂದವು. ಪ್ರಾಯೋಗಿಕ ಪರೀಕ್ಷೆ ಮತ್ತು ಮೌಖಿಕ ಪರೀಕ್ಷೆಗಳನ್ನು ಏಪ್ರಿಲ್ 8ರೊಳಗೆ ಮುಗಿಸಿಕೊಡಬೇಕೆಂದು ಕಾಲೇಜನ್ನು, ಲಿಖಿತ ಪತ್ರಿಕೆಗಳ ಗೈರುಹಾಜರಿಯನ್ನು ಅನುಮೋದಿತ ರಜೆಯೆಂದು ದಾಖಲಿಸಿ ಮುಂದೆ ಬರೆಯುವುದನ್ನು ಮೊದಲ ಪ್ರಯತ್ನವೆಂದು ಎಣಿಸಬೇಕೆಂದು ಕಾಲೇಜಿನ ಮೂಲಕ ವಿಶ್ವವಿದ್ಯಾಲಯವನ್ನು ಪ್ರತ್ಯೇಕವಾಗಿ ಕೇಳಲಾಯಿತು. ಆಯೋಗದ 2021ರ ಪತ್ರದ ಪ್ರತಿಯನ್ನು ಲಗತ್ತಿಸಲಾಯಿತು. ವೈದ್ಯರ ಪ್ರಮಾಣಪತ್ರವೂ ಬದಲಾಯಿತು. ಮೊದಲಿನದರಲ್ಲಿ ವಿಶ್ರಾಂತಿ ಅಗತ್ಯವೆಂದು ಮಾತ್ರ ಇತ್ತು. ಅಂಥದನ್ನು ಕಚೇರಿಗಳು ನೆಗಡಿಯ ಚೀಟಿಯಂತೆ ಕಾಣುತ್ತವೆ. ಹೊಸದರಲ್ಲಿ ವಾರಗಳ ಲೆಕ್ಕ, ಅಂದಾಜು ದಿನ, ಚೇತರಿಕೆಯ ಅವಧಿ, ವೈದ್ಯರ ನೋಂದಣಿ ಸಂಖ್ಯೆ ಎಲ್ಲವೂ ಇದ್ದವು. ಪತ್ರದ ಎರಡನೆಯ ಪ್ರತಿಯ ಮೇಲೆ ಕಚೇರಿಯ ಮೊಹರು, ದಿನಾಂಕ ಮತ್ತು ಆವಕ ಸಂಖ್ಯೆಯನ್ನು ಹಾಕಿಸಿಕೊಂಡೇ ಆಕೆ ಹೊರಬಂದಳು. ನೋಡೋಣ ಎಂಬ ಬಾಯಿಮಾತಿನ ಭರವಸೆ ಪ್ರಾಂಶುಪಾಲರ ವರ್ಗಾವಣೆಯೊಂದಿಗೇ ಹೋಗಿಬಿಡುತ್ತದೆ. ಆವಕ ಸಂಖ್ಯೆ ಉಳಿಯುತ್ತದೆ.

ಏಪ್ರಿಲ್ 6 ಮತ್ತು 7ರಂದು ಪ್ರಾಯೋಗಿಕ ಪರೀಕ್ಷೆ ಮುಗಿಯಿತು. ಪ್ರಯೋಗಾಲಯದಲ್ಲಿ ಆಕೆಗೆ ಕುರ್ಚಿ ಹಾಕಿಸಿದ ಅಧ್ಯಾಪಕಿ, ಹೊಗೆಯಾಡುವ ಪ್ರಯೋಗದ ಬದಲು ಪಟ್ಟಿಯಲ್ಲಿದ್ದ ಮತ್ತೊಂದನ್ನು ಕೊಡಿಸಿದರು. ಯಾವ ನಿಯಮವೂ ಮುರಿಯಲಿಲ್ಲ, ಯಾರಿಗೂ ನಷ್ಟವಾಗಲಿಲ್ಲ. ಒಂದು ತಿಂಗಳ ಹಿಂದೆ ಅಧಿಕಾರವಿಲ್ಲವೆಂದು ಬರೆದ ಕಚೇರಿಯೇ ಇದನ್ನು ಮಾಡಿತು.

ಲಿಖಿತ ಪರೀಕ್ಷೆಯ ಕೋರಿಕೆ ವಿಶ್ವವಿದ್ಯಾಲಯಕ್ಕೆ ಹೋಗಿದೆ, ಉತ್ತರ ಬಂದಿಲ್ಲ. ಮೇ ತಿಂಗಳಿನಲ್ಲಿ ಆ ಐದು ಪತ್ರಿಕೆಗಳ ದಿನ ಆಕೆಯ ಮೇಜು ಖಾಲಿ ಇರುತ್ತದೆ, ಮೇಲ್ವಿಚಾರಕರು ಗೈರು ಎಂದು ಬರೆದುಕೊಳ್ಳುತ್ತಾರೆ. ಆ ಪದದ ಮುಂದೆ ಹೆರಿಗೆ ರಜೆ ಎಂಬ ಎರಡು ಮಾತುಗಳನ್ನು ಸೇರಿಸಲು ಒಂದು ಸುತ್ತೋಲೆ ಸಾಕು. ಅಂಥ ಸುತ್ತೋಲೆಯನ್ನು ಹೊರಡಿಸದೆ ಉಳಿದಿರುವ ಪ್ರತಿಯೊಂದು ವಿಶ್ವವಿದ್ಯಾಲಯವೂ 2021ರ ಡಿಸೆಂಬರಿನಿಂದ ಉತ್ತರ ಬಾಕಿ ಇಟ್ಟುಕೊಂಡಿದೆ. ಬಾಕಿ ಎಂಬ ಮುದ್ರೆ ಯಾರ ಹೆಸರಿನ ಮುಂದೆ ಬೀಳಬೇಕೆಂಬುದನ್ನು ಪರೀಕ್ಷಾ ವಿಭಾಗಗಳು ಒಮ್ಮೆ ಯೋಚಿಸಲಿ.